ಅಂಕಪಟ್ಟಿ, ಆದಾಯ ಪತ್ರದಿಂದ ವಿದ್ಯಾರ್ಥಿವೇತನದ ಟಿಪ್ಪಣಿ

ವಿದ್ಯಾರ್ಥಿವೇತನದ ಅರ್ಜಿಗೆ ಸೇರಿಸುವ ಟಿಪ್ಪಣಿಯು ಲಗತ್ತಿಸಿದ ದಾಖಲೆಗಳಲ್ಲಿರುವುದನ್ನೇ ಹೇಳಬೇಕು. ಪರಿಶೀಲಿಸುವವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಾರೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹೆಸರು, ನೋಂದಣಿ ಸಂಖ್ಯೆ, ವರ್ಷ ಮತ್ತು ಒಟ್ಟು ಅಂಕಗಳನ್ನು ತೆಗೆದುಕೊಳ್ಳಬೇಕು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಅಂಕವಿದ್ದರೆ ಒಟ್ಟು 625. ವಿದ್ಯಾರ್ಥಿನಿಯೊಬ್ಬಳಿಗೆ 531 ಬಂದಿದ್ದರೆ ಅದು ಶೇ. 84.96. ಕನಿಷ್ಠ ಅರ್ಹತೆ ಶೇ. 85 ಎಂದಿರುವಲ್ಲಿ ಅದನ್ನು 85 ಎಂದು ಬರೆದರೆ ಅರ್ಜಿ ತಿರಸ್ಕೃತವಾಗಬಹುದು.

ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ ಮತ್ತು ಕುಟುಂಬದ ವಾರ್ಷಿಕ ಆದಾಯ ಇರುತ್ತವೆ. ಅದನ್ನು ತಿಂಗಳ ಆದಾಯವೆಂದು ಬರೆಯುವುದು ಸಾಮಾನ್ಯ ತಪ್ಪು. ಪತ್ರದ ಅವಧಿ ಮುಗಿದಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಆಗ ಟಿಪ್ಪಣಿ ಹೀಗಿರುತ್ತದೆ: “ನಾನು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 531 ಅಂಕ (ಶೇ. 84.96) ಪಡೆದಿದ್ದೇನೆ. ತಹಶೀಲ್ದಾರರು ನೀಡಿದ ಪ್ರಮಾಣಪತ್ರದಂತೆ ನಮ್ಮ ಕುಟುಂಬದ ವಾರ್ಷಿಕ ಆದಾಯ 48,000 ರೂಪಾಯಿ. ಪಿಯುಸಿ ಶುಲ್ಕಕ್ಕೆ ನೆರವು ಕೋರುತ್ತೇನೆ.”

ತಂದೆಯ ಅನಾರೋಗ್ಯ, ಸಾಲದಂಥ ಸಂಗತಿಗಳು ಈ ಎರಡು ದಾಖಲೆಗಳಲ್ಲಿ ಇರುವುದಿಲ್ಲ. ಅವುಗಳನ್ನು ಅರ್ಜಿದಾರರ ಹೇಳಿಕೆಯೆಂದು ಪ್ರತ್ಯೇಕವಾಗಿ ಬರೆದು, ಆಧಾರವಿದ್ದರೆ ಲಗತ್ತಿಸಬೇಕು. ಎರಡು ದಾಖಲೆಗಳಲ್ಲಿ ಹೆಸರಿನ ಇನಿಷಿಯಲ್ ಬೇರೆಯಾಗಿದ್ದರೆ, ಸಲ್ಲಿಸುವ ಮೊದಲೇ ತಿದ್ದಿಸಿಕೊಳ್ಳಬೇಕು.