ಬೆಲ್ಲದ ರೇಟು ಏರಿಸಿದ್ರೆ ಲಾಭ ನಿಜಕ್ಕೂ ಹೆಚ್ಚುತ್ತಾ? ಆರ್ಡರ್ ಪಟ್ಟಿಯಲ್ಲೇ ಉತ್ತರ ಇದೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸಾವಯವ ಅಚ್ಚು ಬೆಲ್ಲವನ್ನು ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಮಾರುವ ಗೆಳೆಯರು ನನ್ನನ್ನ ಪದೇ ಪದೇ ಕೇಳೋದು ಒಂದೇ: "ರೇಟು ಏರಿಸಿದ್ರೆ ಗಿರಾಕಿ ಓಡಿಹೋಗ್ತಾರಲ್ವಾ?" ಒಂದಷ್ಟು ಜನ ಹೋಗ್ತಾರೆ. ಎಷ್ಟು ಜನ ಹೋದರೂ ನಮಗೆ ನಷ್ಟವಿಲ್ಲ ಅನ್ನೋದನ್ನ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಒಂದು ಉದಾಹರಣೆ ನೋಡೋಣ. ಕಬ್ಬು, ಆಲೆಮನೆ ಖರ್ಚು ಸೇರಿ ಕೆಜಿ ಬೆಲ್ಲಕ್ಕೆ 65 ರೂಪಾಯಿ, ಪ್ಯಾಕಿಂಗ್‌ಗೆ 8, ಸಾಗಾಟಕ್ಕೆ 12. ಒಟ್ಟು ಖರ್ಚು 85. ಮಾರುವ ಬೆಲೆ 110 ಆದರೆ ಕೆಜಿಗೆ 25 ಉಳಿಯುತ್ತದೆ. ನಾಲ್ಕು ವಾರದಲ್ಲಿ 120 ಕೆಜಿ ಹೋದರೆ ಲಾಭ 3000.

ಈಗ ಬೆಲೆಯನ್ನು 125 ಮಾಡಿದಿರಿ. ಕೆಜಿಗೆ ಉಳಿಯುವುದು 40. ಹಳೆಯ ಲಾಭ 3000ವನ್ನು 40ರಿಂದ ಭಾಗಿಸಿ: 75 ಕೆಜಿ. ಇದೇ ನಿಮ್ಮ ಗೆರೆ. ವಾರಕ್ಕೆ ಸುಮಾರು 19 ಕೆಜಿ ಹೋದರೂ ಹಳೆಯ ಲಾಭ ಕೈಗೆ ಸಿಗುತ್ತದೆ.

ಮುಂದಿನ ನಾಲ್ಕು ವಾರ 24, 20, 25, 21, ಅಂದ್ರೆ 90 ಕೆಜಿ ಹೋಯ್ತು ಅಂದುಕೊಳ್ಳಿ. ಮಾರಾಟ ಕಾಲು ಭಾಗ ಕುಸಿದರೂ ಲಾಭ 3600. ಒಂದು ವಾರವೂ ಗೆರೆಗಿಂತ ಕೆಳಗಿಲ್ಲ, ಹಾಗಾಗಿ ಇದು ಒಂದೇ ದೊಡ್ಡ ಆರ್ಡರಿನಿಂದ ಬಂದ ಲಾಭವಲ್ಲ. ಮದುವೆ ಮನೆಯ 30 ಕೆಜಿ ಆರ್ಡರ್ ಬಂದಿದ್ದರೆ ಅದನ್ನು ಎರಡೂ ಕಡೆಯ ಲೆಕ್ಕದಿಂದ ಬಿಟ್ಟುಬಿಡಿ.

ಇನ್ನು ಹಬ್ಬದ ವಿಚಾರ. ಸಂಕ್ರಾಂತಿ, ಯುಗಾದಿ ಮುಂದೆ ಬೆಲ್ಲಕ್ಕೆ ಬೇಡಿಕೆ ತಾನಾಗೇ ಏರುತ್ತದೆ. ಅದಕ್ಕೇ ಬೆಲೆ ಬದಲಿಸದ ಇನ್ನೊಂದು ಪದಾರ್ಥವನ್ನೂ ಗಮನಿಸಿ. ಕೊಬ್ಬರಿ ಎಣ್ಣೆ 40 ಬಾಟಲಿಯಿಂದ 38ಕ್ಕೆ ಬಂದಿದ್ದರೆ ಕಾಲ ಹೆಚ್ಚು ಬದಲಾಗಿಲ್ಲ ಅಂತ ಅರ್ಥ. ಅದೇ 60ಕ್ಕೆ ಏರಿದ್ದರೆ ಹಬ್ಬವೇ ಮಾರಾಟವನ್ನು ಒಂದೂವರೆ ಪಟ್ಟು ಮಾಡಿದೆ. ಹಾಗಾದಾಗ 90 ಕೆಜಿಯನ್ನು ಒಂದೂವರೆಯಿಂದ ಭಾಗಿಸಿ ನೋಡಿ: 60 ಕೆಜಿ. ಗೆರೆ 75! ಹಬ್ಬ ಮುಗಿದ ಮೇಲೆ ಹೊಸ ಬೆಲೆಯಲ್ಲಿ ಹಳೆಯಷ್ಟು ಲಾಭ ಸಿಗುವುದಿಲ್ಲ. ಎಣ್ಣೆಗೂ ಬೆಲ್ಲಕ್ಕೂ ಹಬ್ಬದ ಬೇಡಿಕೆ ಒಂದೇ ಸಮ ಇರಲ್ಲ, ಹಾಗಾಗಿ ಇದು ಅಂದಾಜು ಮಾತ್ರ. ಹಬ್ಬವಿಲ್ಲದ ಎಂಟು ವಾರ ಆರಿಸಿಕೊಳ್ಳೋದೇ ಒಳ್ಳೇದು.

ಇನ್ನೊಂದು ಮಾತು. "ಮುಂದಿನ ವಾರದಿಂದ ರೇಟು ಜಾಸ್ತಿ" ಅಂತ ಸ್ಟೇಟಸ್ ಹಾಕಿದ್ರೆ ಜನ ಮೊದಲೇ ಕೊಂಡಿಟ್ಟುಕೊಳ್ತಾರೆ. ಹಳೆಯ ಲೆಕ್ಕ ಉಬ್ಬುತ್ತದೆ, ಹೊಸದು ಸೊರಗುತ್ತದೆ. ಹಾಗಾದರೆ ಬದಲಾವಣೆಯ ಹಿಂದಿನ, ಮುಂದಿನ ಒಂದೊಂದು ವಾರ ಬಿಟ್ಟು ಎಣಿಸಿ.

ಕೊನೆಗೆ, ಮಾರಾಟವಾಗದ 30 ಕೆಜಿ ಏನಾಯ್ತು? 65 ಖರ್ಚಿನ ಬೆಲ್ಲವನ್ನು ಮಂಡಿಗೆ 45ಕ್ಕೆ ಕೊಟ್ಟರೆ 600 ರೂಪಾಯಿ ಹೋಯ್ತು. ಬೆಲೆ ಏರಿಸಿ ಗಳಿಸಿದ್ದೂ ಅಷ್ಟೇ! ಅದಕ್ಕೆ ಹೊಸ ಬೆಲೆ ಇಟ್ಟ ತಿಂಗಳು ಆಲೆಮನೆಗೆ ಕಬ್ಬು ಕಳಿಸೋದನ್ನೂ ಅಷ್ಟಕ್ಕೇ ಕಡಿಮೆ ಮಾಡಿ.