ಯಂತ್ರ ಬರೆದ ಚಿತ್ರಕ್ಕೆ ಅಂಕ

ಗಣಕಯಂತ್ರ ಬರೆದ ಚಿತ್ರದ ಗುಣವನ್ನು ಅಳೆಯುವುದೆಂತು? ಎರಡು ಚಿತ್ರಗಳನ್ನು ಮುಂದಿಟ್ಟು, ಯಾವುದು ಮೇಲೆಂದು ಹಲವರನ್ನು ಕೇಳುವುದು ಒಂದು ಬಗೆ. ಸಾವಿರಾರು ಚಿತ್ರಗಳಾದರೆ ಇದಕ್ಕೆ ಹೊತ್ತೂ ಹಣವೂ ಸಾಲವು. ಆದುದರಿಂದ 2017ರಲ್ಲಿ ಆಸ್ಟ್ರಿಯದ ಲಿನ್ಸ್ ನಗರದ ಸಂಶೋಧಕರು ಎಫ್.ಐ.ಡಿ. ಎಂಬ ಅಳತೆಯನ್ನು ತಂದರು.

ಚಿತ್ರಗಳನ್ನು ಗುರುತಿಸಲು ಕಲಿತ ‘ಇನ್ಸೆಪ್ಷನ್’ ಎಂಬ ಗಣಕವ್ಯವಸ್ಥೆಯು ಪ್ರತಿಯೊಂದು ಚಿತ್ರವನ್ನೂ 2048 ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ನಿಜಚಿತ್ರಗಳದೊಂದು ರಾಶಿ, ಯಂತ್ರಚಿತ್ರಗಳದೊಂದು ರಾಶಿ. ಇವೆರಡರ ಸರಾಸರಿಯೂ ಹರವೂ ಎಷ್ಟು ದೂರವೆಂಬುದೇ ಅಂಕ. ಕಡಿಮೆಯಾದಷ್ಟೂ ಮೇಲು.

ಅಳೆಯುವುದು ರಾಶಿಯನ್ನು, ಬಿಡಿ ಚಿತ್ರವನ್ನಲ್ಲ. ಒಂದು ಚಿತ್ರದ ಕೈಗೆ ಆರು ಬೆರಳಿದ್ದರೂ ಅಂಕ ಅಷ್ಟಾಗಿ ಕದಲದು. ಯಂತ್ರವು ನಿಜಚಿತ್ರಗಳನ್ನೇ ನಕಲುಮಾಡಿ ಒಪ್ಪಿಸಿದರಂತೂ ಅಂಕ ಸೊನ್ನೆ, ಎಂದರೆ ಮೊದಲ ಸ್ಥಾನ! ನಕಲು ಹೊಡೆದ ಹುಡುಗನನ್ನು ಹಿಡಿಯಲು ಕೊನೆಗೂ ಮೇಷ್ಟರ ಕಣ್ಣೇ ಬೇಕು.