ಹೋದ ಉದ್ಯೋಗ ಮರಳದೇಕೆ?

ಉಕ್ಕಿನ ಸಲಾಕೆಗೆ ತಂತಿಯ ಸುರುಳಿ ಸುತ್ತಿ ವಿದ್ಯುತ್ತನ್ನು ಹರಿಸಿದರೆ ಉಕ್ಕು ಕಾಂತವಾಗುತ್ತದೆ. ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಕಾಂತತ್ವದ ಒಂದಂಶ ಉಳಿದೇ ಇರುತ್ತದೆ. ಅದನ್ನು ಅಳಿಸಬೇಕಾದರೆ ವಿದ್ಯುತ್ತನ್ನು ವಿರುದ್ಧ ದಿಕ್ಕಿನಲ್ಲಿ ಹರಿಸಬೇಕು. ಕಾರಣವು ತೊಲಗಿದರೂ ಕಾರ್ಯವು ಹಿಂದುಳಿಯುವ ಈ ಗುಣಕ್ಕೆ ಯೂಯಿಂಗ್ ಎಂಬ ವಿಜ್ಞಾನಿ 1880ರ ದಶಕದಲ್ಲಿ ಹಿಸ್ಟೆರೆಸಿಸ್ ಎಂದು ಹೆಸರಿಟ್ಟನು. 1986ರಲ್ಲಿ ಬ್ಲಾಂಚರ್ಡ್ ಮತ್ತು ಸಮ್ಮರ್ಸ್ ಎಂಬ ಅರ್ಥಶಾಸ್ತ್ರಜ್ಞರು ಅದೇ ಹೆಸರಿನಿಂದ ಯುರೋಪಿನ ನಿರುದ್ಯೋಗವನ್ನು ವಿವರಿಸಿದರು. ಉಕ್ಕಿನ ಗುಣ ಮನುಷ್ಯರಿಗೆ ಹೇಗೆ ಬಂದೀತು?

ನಮ್ಮ ಚಿತ್ರದುರ್ಗದ ಸೀಮೆಯನ್ನೇ ನೋಡೋಣ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಈ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳು ನಿಂತವು. ಮುಂದೆ ಅವು ಹಂತಹಂತವಾಗಿ ತೆರೆದಾಗ ಚಿತ್ರದುರ್ಗ, ತುಮಕೂರು ಜಿಲ್ಲೆಗಳೆರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ನುಗಳ ಮಿತಿಯಿತ್ತು. 2022ರಲ್ಲಿ ಅದು 150 ಲಕ್ಷಕ್ಕೆ ಏರಿತು. ಇದು ಆರ್ಥಿಕ ಹಿಂಜರಿತವಲ್ಲ, ನಿಜ. ಆದರೆ ಕೆಲಸ ಕಳೆದುಕೊಂಡವನಿಗೆ ಕಾರಣ ಯಾವುದಾದರೇನು?

ಹೊಳಲ್ಕೆರೆಯ ಒಬ್ಬ ಟಿಪ್ಪರ್ ಚಾಲಕನನ್ನು ಊಹಿಸಿಕೊಳ್ಳೋಣ. ಗಣಿ ನಿಂತಿತು, ಕಂತು ಕಟ್ಟಲಾರದೆ ಮಾಲೀಕನು ಟಿಪ್ಪರನ್ನು ಸಾಲ ಕೊಟ್ಟವರಿಗೆ ಒಪ್ಪಿಸಿದನು. ಚಾಲಕನು ಹಿರಿಯೂರಿನ ದಾಳಿಂಬೆ ತೋಟದ ಕೂಲಿಗೆ ಹೋದನು. ಅಷ್ಟರಲ್ಲಿ ಭಾರೀ ವಾಹನದ ಪರವಾನಗಿಯ ಅವಧಿಯೂ ತೀರಿತು, ಕೈಯ ಪಳಗೂ ತಪ್ಪಿತು. ಗಣಿ ತೆರೆದಾಗ ಗುತ್ತಿಗೆದಾರನು ಹೋದ ತಿಂಗಳವರೆಗೂ ಗಾಡಿ ಓಡಿಸಿದವನನ್ನೇ ಆರಿಸುತ್ತಾನೆ. ವರ್ಷಗಟ್ಟಲೆ ಕೆಲಸವಿಲ್ಲದಿದ್ದವನನ್ನು ಕಂಡರೆ, ಇವನಲ್ಲೇ ಏನೋ ಕೊರತೆಯಿರಬೇಕು ಎಂಬ ಶಂಕೆ. ನಿರುದ್ಯೋಗವೇ ನಿರುದ್ಯೋಗಕ್ಕೆ ಕಾರಣವಾಗುವುದು ಹೀಗೆ.

ಇದನ್ನು ಅಂಕಿಗಳಲ್ಲಿ ಕಾಣಲು ಬ್ರಿಟನ್ನಿಗೆ ಹೋಗಬೇಕು. ಅಲ್ಲಿ 1980-81ರಲ್ಲಿ ಕುಸಿದ ಉತ್ಪನ್ನವು 1983ರ ಹೊತ್ತಿಗೆ 1979ರ ಮಟ್ಟವನ್ನು ಮುಟ್ಟಿತು. ನಿರುದ್ಯೋಗವಾದರೋ ನೂರಕ್ಕೆ ಸುಮಾರು 5ರಿಂದ ಏರುತ್ತ 1984ರಲ್ಲಿ 12ರ ಸಮೀಪಕ್ಕೆ ಬಂದು, 1987ರಲ್ಲಿಯೂ 10ಕ್ಕಿಂತ ಮೇಲೆಯೇ ಇತ್ತು. ಕೆಲಸದಲ್ಲಿ ಉಳಿದವರು ತಮ್ಮ ಕೂಲಿಗಾಗಿ ಚೌಕಾಸಿ ಮಾಡುವಾಗ ಹೊರಗುಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬುದನ್ನೂ ಬ್ಲಾಂಚರ್ಡ್ ಮತ್ತು ಸಮ್ಮರ್ಸ್ ಒಂದು ಕಾರಣವಾಗಿ ಎತ್ತಿ ತೋರಿಸಿದರು.

ಆದರೆ ಎಲ್ಲ ನಿರುದ್ಯೋಗವೂ ಹಿಸ್ಟೆರೆಸಿಸ್ ಅಲ್ಲ. ಹತ್ತು ಮಂದಿಯ ಕೆಲಸವನ್ನು ಒಂದು ಯಂತ್ರ ಮಾಡಿದರೂ, ಉತ್ಪನ್ನ ಮರಳಿ ಉದ್ಯೋಗ ಮರಳದು. ಎರಡನ್ನೂ ಬೇರ್ಪಡಿಸಲು ಖಾಲಿ ಹುದ್ದೆಗಳನ್ನು ಎಣಿಸಬೇಕು. ಹುದ್ದೆಗಳೇ ಇಲ್ಲದಿದ್ದರೆ ದೋಷ ಬೇಡಿಕೆಯದೋ ಯಂತ್ರದ್ದೋ ಆಗಿರಬೇಕು. ಹುದ್ದೆಗಳು ತುಂಬದೆ ಉಳಿದು, ಕೂಲಿಯೂ ಏರುತ್ತ, ಬಹುಕಾಲದ ನಿರುದ್ಯೋಗಿಗಳು ಮಾತ್ರ ಹೊರಗೇ ನಿಂತಿದ್ದರೆ ಹಿಸ್ಟೆರೆಸಿಸ್ಸನ್ನು ಶಂಕಿಸಬಹುದು.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಹೊಸದುರ್ಗದ ಬಡವನು ಕೈಕಟ್ಟಿ ಕುಳಿತು ಉಣ್ಣಲಾರನು. ಅಲ್ಪ ಕೂಲಿಯ ಕೆಲಸವನ್ನಾದರೂ ಹಿಡಿಯುತ್ತಾನೆ. ಆಗ ಅವನು ನಿರುದ್ಯೋಗಿಗಳ ಲೆಕ್ಕಕ್ಕೆ ಬಾರನು. ಗಾಯವು ಕಾಣುವುದು ಗಳಿಕೆಯಲ್ಲಿ. ಉಕ್ಕಿನ ಶೇಷಕಾಂತತ್ವವನ್ನು ಅಳಿಸಲು ವಿರುದ್ಧ ಪ್ರವಾಹ ಬೇಕಾದಂತೆ, ಇಲ್ಲಿಯೂ ಉತ್ಪನ್ನವು ಹಳೆಯ ಮಟ್ಟಕ್ಕೆ ಬಂದರಷ್ಟೇ ಸಾಲದು. ಪಳಗಿದ ಆಳು ಸಿಕ್ಕದೆ ಗುತ್ತಿಗೆದಾರನೇ ಪರವಾನಗಿಯ ಖರ್ಚು ಹೊತ್ತು ಆ ತೋಟದ ಕೂಲಿಯನ್ನು ಕರೆದು ಕಲಿಸುವಷ್ಟರ ಮಟ್ಟಿಗೆ, ಬೇಡಿಕೆಯು ಕೆಲಕಾಲ ಅದನ್ನು ಮೀರಿ ನಿಲ್ಲಬೇಕು.